ಎರಡು ಮೀಸಲು, ಎರಡು ಕೀಲಿಕೈ: ಒಂದು ಸಮುದಾಯ ಭವನದ ಬಜೆಟ್



ಕಂಬದ ಮೇಲೆ ಚಾಚಿಕೊಂಡ ಕಂಬಿಗಳು ತುಕ್ಕು ಹಿಡಿದು ನಿಂತಿರುವ ಸಮುದಾಯ ಭವನಗಳನ್ನು ನೀವೆಲ್ಲ ನೋಡಿದ್ದೀರಿ. ಯಾಕೆ ನಿಂತಿತು ಎಂದು ಕೇಳಿದರೆ ‘ದುಡ್ಡು ಸಾಲಲಿಲ್ಲ’ ಎನ್ನುತ್ತಾರೆ. ಆ ಭವನದ ಖರ್ಚಿನ ಪುಸ್ತಕವನ್ನು ತೆರೆದು ಕೂತರೆ ಬೇರೆಯದೇ ಸಂಗತಿ ಕಾಣುವುದುಂಟು. ಮೊದಲ ವರ್ಷ ಕೈಯಲ್ಲಿ ದುಡ್ಡು ಇತ್ತು. ಇದೆ ಎಂಬ ಧೈರ್ಯದಲ್ಲಿ ಮುಂಬಾಗಿಲಿಗೆ ಕಮಾನು ಬಂತು, ಮೆಟ್ಟಿಲಿಗೆ ಗ್ರಾನೈಟ್ ಬಂತು. ಛಾವಣಿಯ ಹೊತ್ತಿಗೆ ಬಂದ ಸಣ್ಣ ಪೆಟ್ಟನ್ನು ತಡೆಯಲು ಏನೂ ಉಳಿದಿರಲಿಲ್ಲ. ಆದ್ದರಿಂದ ಇವತ್ತು ಹಣ ಕೂಡಿಸುವ ವಿಷಯ ಬಿಟ್ಟು, ಎತ್ತಿಟ್ಟ ಹಣವನ್ನು ಯಾವ ಹೆಸರಿನಲ್ಲಿ, ಯಾರ ಕೈಯಲ್ಲಿ ಇಡಬೇಕು ಎಂಬುದನ್ನಷ್ಟೇ ಮಾತಾಡುತ್ತೇನೆ.

ಸರ್ಕಾರಿ ಅಂದಾಜು ಪಟ್ಟಿಗಳ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಸಾದಿಲ್ವಾರು, ಶೇಕಡ 3 ಅಥವಾ 5. ನಮ್ಮ ಟ್ರಸ್ಟುಗಳೂ ಅದನ್ನೇ ನಕಲು ಮಾಡುತ್ತವೆ. ಆ ಶೇಕಡ 5 ಯಾವ ಅಪಾಯಕ್ಕೆ ಎಂದು ಕೇಳಿದರೆ ಬರೆದವರಿಗೂ ಉತ್ತರ ಗೊತ್ತಿರುವುದಿಲ್ಲ. ಹೆಸರಿಲ್ಲದ ದುಡ್ಡಿಗೆ ಎಲ್ಲರೂ ವಾರಸುದಾರರು. ಯೋಜನಾ ನಿರ್ವಹಣೆಯ ಶಾಸ್ತ್ರ ಇದನ್ನು ಎರಡಾಗಿ ಒಡೆಯುತ್ತದೆ. ಬರಬಹುದು ಎಂದು ನಾವು ಮೊದಲೇ ಗುರುತಿಸಿ ಬರೆದಿಟ್ಟ ಅಪಾಯಗಳಿಗೆ ಇಡುವುದು ಕಾಂಟಿಂಜೆನ್ಸಿ ಮೀಸಲು. ಯಾರ ಊಹೆಗೂ ಬಾರದೆ ಎದುರಾಗುವುದಕ್ಕೆ ಇಡುವುದು ಮ್ಯಾನೇಜ್‌ಮೆಂಟ್ ಮೀಸಲು. ಮೊದಲನೆಯದು ಕೆಲಸ ನಡೆಸುವ ಎಂಜಿನಿಯರರ ಕೈಯಲ್ಲಿ ಇರುತ್ತದೆ, ಎರಡನೆಯದು ಸಮಿತಿಯ ಕೈಯಲ್ಲಿ. ಕೆಲಸಗಳ ಅಂದಾಜಿಗೆ ಕಾಂಟಿಂಜೆನ್ಸಿ ಸೇರಿಸಿದರೆ ಬರುವ ಮೊತ್ತಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ಖರ್ಚು ಹಾದಿಯಲ್ಲಿದೆಯೋ ಹಾದಿ ತಪ್ಪಿದೆಯೋ ಎಂದು ತಿಂಗಳು ತಿಂಗಳು ಅಳೆಯುವುದು ಈ ಗೆರೆಯ ಎದುರು. ಮ್ಯಾನೇಜ್‌ಮೆಂಟ್ ಮೀಸಲು ಈ ಗೆರೆಯ ಹೊರಗಿರುತ್ತದೆ. ಅದನ್ನೂ ಸೇರಿಸಿದರೆ ಒಟ್ಟು ಬಜೆಟ್.

ಹೇಳುವುದಕ್ಕೆ ಇಷ್ಟೇ. ಲೆಕ್ಕಕ್ಕೆ ಇಳಿದಾಗ ಇದರ ಕಷ್ಟ ತಿಳಿಯುತ್ತದೆ. ಹಾಗಾಗಿ ಒಂದು ಭವನವನ್ನು ಕಟ್ಟಿಯೇ ನೋಡೋಣ. ಈ ಊರು, ಈ ಅಂಕಿಗಳು ಉದಾಹರಣೆಗೆಂದು ನಾನು ಇಟ್ಟುಕೊಂಡವು. ಗದಗ, ನವಲಗುಂದದ ಕಡೆಯ ಎರೆ ಸೀಮೆ ಎಂದುಕೊಳ್ಳಿ. ಸಭಾಂಗಣ, ವೇದಿಕೆ, ಅಡುಗೆಮನೆ, ಎರಡು ಕೋಣೆ, ಶೌಚಾಲಯ ಸೇರಿ 5000 ಚದರ ಅಡಿ. ಸಭಾಂಗಣಕ್ಕೆ ಉಕ್ಕಿನ ಟ್ರಸ್ ಮತ್ತು ಶೀಟು, ಉಳಿದ ಭಾಗಕ್ಕೆ ಆರ್‌ಸಿಸಿ ಸ್ಲ್ಯಾಬ್.

ಮೊದಲು ಕೆಲಸದ ತುಂಡುಗಳ ಅಂದಾಜು. ಪಾಯ ಮತ್ತು ಪ್ಲಿಂತ್‌ಗೆ 18 ಲಕ್ಷ, ಕಂಬ, ಬೀಮ್, ಸ್ಲ್ಯಾಬ್‌ಗೆ 26, ಟ್ರಸ್ ಮತ್ತು ಶೀಟಿಗೆ 16, ಗೋಡೆ, ಗಿಲಾವು, ಬಾಗಿಲು, ಕಿಟಕಿಗೆ 17, ನೆಲ ಮತ್ತು ಬಣ್ಣಕ್ಕೆ 9, ವಿದ್ಯುತ್ತು, ನೀರು, ಶೌಚಾಲಯಕ್ಕೆ 10, ನಕ್ಷೆ, ಪರವಾನಗಿ, ಎಂಜಿನಿಯರ್ ಶುಲ್ಕ, ಸೆಸ್‌ಗೆ 4. ಒಟ್ಟು 1 ಕೋಟಿ. ಗುತ್ತಿಗೆದಾರರ ಬಿಲ್ಲಿನ ಮೇಲಿನ ಶೇಕಡ 18 ಜಿಎಸ್‌ಟಿ ಆಯಾ ತುಂಡಿನಲ್ಲೇ ಸೇರಿದೆ. ಕಟ್ಟಬೇಕಾದ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್, ಅಂದರೆ ಶೇಕಡ 1, ಕೊನೆಯ ತುಂಡಿನಲ್ಲಿದೆ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಮೀಸಲಿನ ಮಾತು ಶುರುವಾಗುವ ಮೊದಲು ಈ 1 ಕೋಟಿ ಪ್ರಾಮಾಣಿಕವಾಗಿರಬೇಕು. ಮರೆತ ಐಟಂಗಳನ್ನು ಮೀಸಲಿನಿಂದ ತುಂಬಿಸುವುದು ನಮ್ಮಲ್ಲಿ ಎಷ್ಟು ರೂಢಿಯೆಂದರೆ, ಕೆಲವರು ಮರೆಯುವುದಕ್ಕೆಂದೇ ಮೀಸಲು ಇಡುತ್ತಾರೆ. ಪ್ಲಿಂತ್ ಭರ್ತಿಯನ್ನೇ ನೋಡಿ. 5000 ಚದರ ಅಡಿಯನ್ನು 3 ಅಡಿ ಎತ್ತರಿಸಬೇಕಾದರೆ 15,000 ಘನ ಅಡಿ, ಅಂದರೆ 150 ಬ್ರಾಸ್ ಗರಸು ಬೇಕು. ಅದೂ ಕುಟ್ಟಿ ಗಟ್ಟಿ ಮಾಡಿದ ಮೇಲಿನ ಅಳತೆ. ಟಿಪ್ಪರಿನಲ್ಲಿ ಬರುವ ಸಡಿಲ ಗರಸು ಇನ್ನೂ ಹೆಚ್ಚು ಬೇಕು. ಪಾಯ ತೋಡಿದ ಎರೆಮಣ್ಣನ್ನೇ ಒಳಗೆ ತುಂಬಿದರೆ ಆಯಿತಲ್ಲ ಎಂದು ಲೆಕ್ಕ ಹಾಕಿದವರು ಎರಡು ಮಳೆಗಾಲದ ನಂತರ ನೆಲದ ಟೈಲ್ಸ್ ಎದ್ದು ನಿಂತದ್ದನ್ನು ನೋಡುತ್ತಾರೆ. ಸೆಪ್ಟಿಕ್ ಟ್ಯಾಂಕು, ಸಂಪು, ರಸ್ತೆಯಿಂದ ಬಾಗಿಲವರೆಗಿನ ದಾರಿ, ಇವೂ ಹೀಗೆಯೇ ಬಿಟ್ಟುಹೋಗುತ್ತವೆ. ಇವು ಬಂದೇ ಬರುವ ಖರ್ಚುಗಳಾದ್ದರಿಂದ ಅಂದಾಜಿನೊಳಗೇ ಇರಬೇಕು. ಇನ್ನೊಂದು ಕಡೆ, ಪ್ರತಿ ತುಂಡಿನ ದರದಲ್ಲೂ ‘ಇರಲಿ’ ಎಂದು ಸ್ವಲ್ಪ ಸ್ವಲ್ಪ ಏರಿಸಿ ಬರೆಯುವ ಅಭ್ಯಾಸವಿದೆ. ಅದನ್ನೂ ತೆಗೆಸಬೇಕು. ಬಚ್ಚಿಟ್ಟ ಮೀಸಲು ಬಚ್ಚಿಟ್ಟಲ್ಲೇ ಖರ್ಚಾಗುತ್ತದೆ, ಬೇಕಾದ ಕಡೆಗೆ ಬರುವುದಿಲ್ಲ.

ಈಗ ಅಪಾಯಗಳ ಪಟ್ಟಿ. ಸಮಿತಿಯವರು, ಎಂಜಿನಿಯರರು, ಊರಿನ ಇಬ್ಬರು ಹಳೆಯ ಮೇಸ್ತ್ರಿಗಳು ಒಂದು ಸಂಜೆ ಕೂತು ಐದು ಅಪಾಯಗಳನ್ನು ಬರೆದರು ಎಂದುಕೊಳ್ಳಿ.

ಮೊದಲನೆಯದು ನೆಲ. ಎರಡು ಪರೀಕ್ಷಾ ಗುಂಡಿ ತೋಡಿದ್ದಾರೆ. ಪೂರ್ವದ ತುದಿಯಲ್ಲಿ 5 ಅಡಿಗೇ ಗಟ್ಟಿ ಗರಸು ಸಿಕ್ಕಿದೆ. ಪಶ್ಚಿಮದ ತುದಿಯಲ್ಲಿ 9 ಅಡಿ ತೋಡಿದರೂ ಕಪ್ಪು ಮೆತ್ತನೆಯ ಮಣ್ಣೇ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಸಾಮಾನ್ಯ ಪಾಯ ಇಟ್ಟರೆ ಗೋಡೆಯೂ ಬಿರಿಯುತ್ತದೆ. ಅಂಥ ಕಡೆ ಅಂಡರ್‌ರೀಮ್ಡ್ ಪೈಲ್ ಹಾಕುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕಾಗಿ ಅದನ್ನು ಬೆಳೆಸಿತು. ಬುಡದಲ್ಲಿ ಅಗಲವಾಗಿ ಉಬ್ಬಿದ ಈ ಕಾಂಕ್ರೀಟ್ ಗೂಟ ಮಣ್ಣಿನ ತೇವ ಏರಿಳಿಯದಷ್ಟು ಆಳದಲ್ಲಿ ಕಚ್ಚಿಕೊಂಡು ಕೂರುತ್ತದೆ. ಪೈಲ್ ಬೇಕಾದರೆ 6 ಲಕ್ಷ ಹೆಚ್ಚುವರಿ. ಬೇಕಾಗುವ ಸಾಧ್ಯತೆ ನೂರಕ್ಕೆ 40 ಎಂದು ಅಂದಾಜಿಸಿದರು.

ಎರಡನೆಯದು ಸಿಮೆಂಟು, ಕಂಬಿಗಳ ಬೆಲೆ. ಏರಿದರೆ 3 ಲಕ್ಷ, ಸಾಧ್ಯತೆ 50. ಮೂರನೆಯದು ಮಳೆ. ಪಾಯದ ಗುಂಡಿಗಳಿಗೆ ನೀರು ನುಗ್ಗಿದರೆ ಪಂಪು, ಸೆಂಟ್ರಿಂಗ್ ಬಾಡಿಗೆ, ಕೂತ ಆಳುಗಳ ಕೂಲಿ ಸೇರಿ 2 ಲಕ್ಷ, ಸಾಧ್ಯತೆ 30. ನಾಲ್ಕನೆಯದು ಟ್ರಾನ್ಸ್‌ಫಾರ್ಮರ್. ಭವನದ ಲೋಡು ಈಗಿರುವ ಟಿಸಿಗೆ ತಡೆಯದು ಎಂದು ವಿದ್ಯುತ್ ಕಂಪನಿ ಹೇಳಿದರೆ 4 ಲಕ್ಷ, ಸಾಧ್ಯತೆ 50. ಐದನೆಯದು ಬೋರ್‌ವೆಲ್. ಮೊದಲನೆಯದು ಒಣಗಿ ಇನ್ನೊಂದು ಕೊರೆಸಬೇಕಾದರೆ 2 ಲಕ್ಷ, ಸಾಧ್ಯತೆ 25.

ಪಠ್ಯಪುಸ್ತಕದ ಕ್ರಮದಲ್ಲಿ ಪ್ರತಿ ಅಪಾಯದ ಹಣವನ್ನು ಸಾಧ್ಯತೆಯಿಂದ ಗುಣಿಸಿ ಕೂಡಬೇಕು. 2.4, 1.5, 0.6, 2, 0.5. ಒಟ್ಟು 7 ಲಕ್ಷ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ. ಯಾಕೆಂದರೆ ನೆಲದ ಅಪಾಯ ಬಂದರೆ 6 ಲಕ್ಷವೇ ಬರುತ್ತದೆ, ಬಾರದಿದ್ದರೆ ಸೊನ್ನೆ, 2.4 ಲಕ್ಷದ ಬಿಲ್ಲನ್ನು ಯಾರೂ ತರುವುದಿಲ್ಲ. ಇಂಥ ನೂರು ಭವನ ಕಟ್ಟಿಸುವ ಇಲಾಖೆಗೆ ಈ ಸರಾಸರಿ ಸಾಕು, ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯಲ್ಲಿ ಸರಿಹೋಗುತ್ತದೆ. ನಮ್ಮ ಊರು ಕಟ್ಟುವುದು ಒಂದೇ ಭವನ.

ಐದು ಅಪಾಯಗಳು, ಪ್ರತಿಯೊಂದೂ ಬಂದೀತು ಅಥವಾ ಬಾರದೆ ಹೋದೀತು. ಒಟ್ಟು 32 ಬಗೆಯ ಭವಿಷ್ಯ. ಎಕ್ಸೆಲ್ ಹಾಳೆಯಲ್ಲಿ 32 ಸಾಲು ಬರೆದು, ಪ್ರತಿ ಸಾಲಿನ ಖರ್ಚುಗಳನ್ನು ಕೂಡಿ, ಸಾಧ್ಯತೆಗಳನ್ನು ಗುಣಿಸಿ ನೋಡಬಹುದು. ಹಾಗೆ ನೋಡಿದರೆ 7 ಲಕ್ಷ ಸಾಲದೆ ಹೋಗುವ ಸಾಧ್ಯತೆ ನೂರಕ್ಕೆ 43. ಹೆಚ್ಚುಕಡಿಮೆ ಕಾಸು ಚಿಮ್ಮಿದ ಹಾಗೆಯೇ. ಅದೇ 10 ಲಕ್ಷ ಇಟ್ಟರೆ ಸಾಲದೆ ಹೋಗುವ ಸಾಧ್ಯತೆ 21ಕ್ಕೆ ಇಳಿಯುತ್ತದೆ. ಐದೂ ಒಟ್ಟಿಗೆ ಬಂದರೂ ತಡೆಯಬೇಕೆಂದರೆ 17 ಲಕ್ಷ ಇಡಬೇಕು. ಅಷ್ಟನ್ನು ಕಟ್ಟಿಹಾಕಿದರೆ ಭವನವೇ ಚಿಕ್ಕದಾಗುತ್ತದೆ. ಐದರಲ್ಲಿ ನಾಲ್ಕು ಪಾಲು ಭರವಸೆ ಸಾಕು ಎಂದು ಸಮಿತಿ ಒಪ್ಪಿ 10 ಲಕ್ಷಕ್ಕೆ ನಿಂತಿತು. ಇಲ್ಲಿ ನಿರ್ಧಾರ ಸಮಿತಿಯದು, ಗಣಿತ ಆಯ್ಕೆಗಳನ್ನು ತೋರಿಸುತ್ತದೆ ಅಷ್ಟೆ.

ಈ ಲೆಕ್ಕಕ್ಕೂ ಒಂದು ಮಿತಿಯಿದೆ. ಐದೂ ಅಪಾಯಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಇದು ನಂಬುತ್ತದೆ. ನಿಜದಲ್ಲಿ ಪೈಲ್ ಹಾಕಬೇಕಾಗಿ ಬಂದರೆ ಕೆಲಸ ತಡವಾಗಿ ಮಳೆಗಾಲಕ್ಕೆ ಸಿಕ್ಕಿಕೊಳ್ಳುತ್ತದೆ; ನೆಲ ಕೈಕೊಟ್ಟ ವರ್ಷವೇ ಮಳೆಯೂ ಕಾಡುತ್ತದೆ. ಸಾಧ್ಯತೆಯ ಅಂಕಿಗಳೂ ಮೇಸ್ತ್ರಿಗಳ ಅನುಭವದಿಂದ ಬಂದ ಊಹೆಗಳು. ಆದರೂ ಬರೆದಿಟ್ಟ ಊಹೆಯನ್ನು ಆರು ತಿಂಗಳ ನಂತರ ತಿದ್ದಬಹುದು, ಬರಿಯ ಶೇಕಡ 5ರಲ್ಲಿ ತಿದ್ದುವುದಕ್ಕೆ ಏನಿದೆ?

ಅಂದಾಜು 100, ಕಾಂಟಿಂಜೆನ್ಸಿ 10. ಬೇಸ್‌ಲೈನ್ 110 ಲಕ್ಷ. ಇನ್ನು ಮ್ಯಾನೇಜ್‌ಮೆಂಟ್ ಮೀಸಲು. ಯಾರಿಗೂ ಗೊತ್ತಿಲ್ಲದ್ದಕ್ಕೆ ಸೂತ್ರ ಎಲ್ಲಿಂದ ತರುವುದು? ಇಲ್ಲಿ ಶೇಕಡಾವಾರು ಲೆಕ್ಕವೇ ಗತಿ. ಹಳೆಯ ಊರಿನ ನಡುವಿನ ಜಾಗವಾದರೆ ಹೆಚ್ಚು, ಅಳತೆಯಾಗಿ ಹದ್ದುಬಸ್ತಾದ ಹೊಸ ಬಡಾವಣೆಯಾದರೆ ಕಡಿಮೆ. ಈ ಸಮಿತಿ ಬೇಸ್‌ಲೈನಿನ ಶೇಕಡ 5, ಅಂದರೆ 5.5 ಲಕ್ಷ ಇಟ್ಟಿತು. ಒಟ್ಟು ಬಜೆಟ್ 115.5 ಲಕ್ಷ.

ಈ 5.5 ಲಕ್ಷವನ್ನು ಎಂಜಿನಿಯರರ ಖಾತೆಯಲ್ಲಿ ಇಡಬೇಡಿ. ಬೇರೆ ಖಾತೆಯಲ್ಲಿ ಇಡಿ, ಅಧ್ಯಕ್ಷರು ಮತ್ತು ಖಜಾಂಚಿ ಇಬ್ಬರ ಸಹಿಯಿರಲಿ. ದೇವಸ್ಥಾನದ ಹುಂಡಿಯನ್ನು ಹೇಗೆ ಒಬ್ಬರೇ ಬಿಚ್ಚುವುದಿಲ್ಲವೋ ಹಾಗೆ ಸಭೆ ಸೇರದೆ, ಠರಾವು ಬರೆಯದೆ ಇದನ್ನು ಬಿಚ್ಚಬಾರದು. ಗುತ್ತಿಗೆದಾರರಿಗೆ ಈ ಮೊತ್ತ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಶಾಸಕರ, ಸಂಸದರ ನಿಧಿಯಿಂದ ಬರುವ ಹಣ ಮಂಜೂರಾದ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಹಾಗಾಗಿ ಈ ಮೀಸಲನ್ನು ಊರಿನ ಸ್ವಂತ ವಂತಿಗೆಯಿಂದಲೇ ಇಡುವುದು ಲೇಸು. ಅದೂ ಬಂದು ಬ್ಯಾಂಕು ಸೇರಿದ ವಂತಿಗೆಯಿಂದ. ‘ಬೆಳೆ ಬಂದಮೇಲೆ ಕೊಡುತ್ತೇನೆ’ ಎಂದು ಬರೆಸಿದ ಹಣದಲ್ಲಿ ಮೀಸಲು ಇಟ್ಟರೆ ಅದು ಕಾಗದದ ಮೇಲಿನ ಮೀಸಲು.

ಕೆಲಸ ಶುರುವಾಯಿತು. ಪಾಯದ ಗುಂಡಿಗಳನ್ನೆಲ್ಲ ತೆಗೆದಾಗ ಆಶ್ಚರ್ಯ: ಎಲ್ಲ ಕಡೆ 5, 6 ಅಡಿಗೆ ಗಟ್ಟಿ ಗರಸು. ಪೈಲ್ ಬೇಡ. ಆದರೆ ಪಶ್ಚಿಮದ ತುದಿಯಲ್ಲಿ, ವೇದಿಕೆಯ ಹಿಂದಿನ ಕಂಬದ ಕೆಳಗೆ, 9 ಅಡಿಗೂ ಮೆತ್ತನೆಯ ಮಣ್ಣು ಯಾಕಿತ್ತು ಎಂಬುದೂ ತಿಳಿಯಿತು. ಅಲ್ಲೊಂದು ಹಳೆಯ ಬಾವಿ. ಯಾವ ಕಾಲದಲ್ಲೋ ಮಣ್ಣು ತುಂಬಿ ಮುಚ್ಚಿದ್ದಾರೆ, ದಾಖಲೆಯಲ್ಲಿಲ್ಲ, ಊರಿನವರ ನೆನಪಿನಲ್ಲೂ ಇಲ್ಲ. ಪರೀಕ್ಷಾ ಗುಂಡಿ ಬಿದ್ದದ್ದು ಸರಿಯಾಗಿ ಅದರ ಬಾಯಿಗೆ. ಹೂಳು ತೆಗೆದು, ದಪ್ಪ ಕಲ್ಲು ಮತ್ತು ಕಾಂಕ್ರೀಟ್ ತುಂಬಿ, ಕಂಬದ ಭಾರ ಬಾವಿಯ ಮೇಲೆ ಬೀಳದಂತೆ ಆಚೀಚೆಗೆ ದಾಟಿಸುವ ಬೀಮ್ ಹಾಕಲು 2.5 ಲಕ್ಷ.

ಈ ಹಣ ಯಾವ ಮೀಸಲಿನಿಂದ? ‘ನೆಲದ ಅಪಾಯ ಪಟ್ಟಿಯಲ್ಲಿದೆಯಲ್ಲ, ಕಾಂಟಿಂಜೆನ್ಸಿಯಿಂದ ತೆಗೆಯೋಣ’ ಎಂದು ಎಂಜಿನಿಯರರು ಹೇಳುವುದು ಸಹಜ. ಸಭೆ ಕರೆಯುವ ಗೋಜಿಲ್ಲ. ಆದರೆ ಪಟ್ಟಿಯಲ್ಲಿ ಬರೆದದ್ದು ‘ಎರೆಮಣ್ಣು ಆಳವಾಗಿದ್ದರೆ ಪೈಲ್’ ಎಂದು. ಬಾವಿಯ ಕಾರಣ ಬೇರೆ, ಪರಿಹಾರವೂ ಬೇರೆ, ಅದನ್ನು ಯಾರೂ ಎಣಿಸಿರಲಿಲ್ಲ. ನನ್ನ ತೀರ್ಪು ಮ್ಯಾನೇಜ್‌ಮೆಂಟ್ ಮೀಸಲಿನ ಕಡೆಗೆ. ‘ನೆಲ’ ಎಂಬ ಒಂದು ಪದದ ಅಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಲು ಬಿಟ್ಟರೆ ಮುಂದಿನ ತಿಂಗಳು ಕಾಂಪೌಂಡಿನ ಮಣ್ಣೂ ಅದರಡಿಗೆ ಬರುತ್ತದೆ. ಎಂಜಿನಿಯರರು ಒಂದು ಪುಟದ ಟಿಪ್ಪಣಿ ಬರೆಯಲಿ: ಏನು ಸಿಕ್ಕಿತು, ಏನು ಮಾಡಬೇಕು, ಎಷ್ಟು ಖರ್ಚು, ಮಾಡದಿದ್ದರೆ ಏನಾಗುತ್ತದೆ. ಸಮಿತಿ ಠರಾವು ಮಾಡಿ 2.5 ಲಕ್ಷವನ್ನು ಬೇಸ್‌ಲೈನಿಗೆ ದಾಟಿಸಲಿ. ಮೀಸಲಿನಲ್ಲಿ 3 ಲಕ್ಷ ಉಳಿಯಿತು.

ಇನ್ನು ಪೈಲಿಗೆ ಎಂದು ಯೋಚಿಸಿದ್ದ ಹಣ. ಪಾಯದ ಕಾಂಕ್ರೀಟ್ ಬಿದ್ದ ದಿನ ನೆಲದ ಅಪಾಯ ಮುಗಿಯಿತು. ಉಳಿದ ನಾಲ್ಕು ಅಪಾಯಗಳಿಗೆ ಮತ್ತೆ ಲೆಕ್ಕ ಹಾಕಿದರೆ, ಈಗ 16 ಸಾಲು, 7 ಲಕ್ಷ ಇಟ್ಟರೆ ನೂರಕ್ಕೆ 86ರಷ್ಟು ಭರವಸೆ. ಅಂದರೆ ಹತ್ತರಲ್ಲಿ 3 ಲಕ್ಷ ಬಿಡುಗಡೆ. ಬೇಸ್‌ಲೈನ್ 110ರಿಂದ 107ಕ್ಕೆ ಇಳಿದು, ಬಾವಿಯ 2.5 ಸೇರಿ 109.5 ಆಯಿತು.

ಭವನಗಳು ಹಾದಿ ತಪ್ಪುವುದು ಈ ಗಳಿಗೆಯಲ್ಲಿ. 3 ಲಕ್ಷ ‘ಉಳಿದಿದೆ’ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಒಬ್ಬರಿಗೆ ವೇದಿಕೆ ಐದು ಅಡಿ ಅಗಲವಾಗಬೇಕು, ಇನ್ನೊಬ್ಬರಿಗೆ ನೆಲಕ್ಕೆ ಗ್ರಾನೈಟ್ ಬೇಕು, ದೊಡ್ಡ ದಾನಿಯೊಬ್ಬರಿಗೆ ತಂದೆಯವರ ಹೆಸರಿನ ಕಮಾನು. ಇವೆಲ್ಲ ಒಳ್ಳೆಯ ಆಸೆಗಳೇ. ಆದರೆ ಇವು ಅಪಾಯಗಳಲ್ಲ, ಕೆಲಸದ ವ್ಯಾಪ್ತಿಯ ಬದಲಾವಣೆಗಳು. ಇವಕ್ಕೆ ಎರಡು ಮೀಸಲುಗಳಲ್ಲಿ ಯಾವುದರಲ್ಲೂ ಹಕ್ಕಿಲ್ಲ. ಕಮಾನು ಬೇಕಾದವರು ಕಮಾನಿನ ಹಣವನ್ನು ಬೇರೆ ತರಲಿ, ಜತೆಗೆ ಆ ಕೆಲಸದ ಅಪಾಯಕ್ಕೂ ಒಂದಿಷ್ಟು ತರಲಿ. ಬಿಡುಗಡೆಯಾದ 3 ಲಕ್ಷ ಸಮಿತಿಯ ಖಾತೆಗೆ ಹೋಗಿ ಠೇವಣಿಯಾಗಿ ಕೂರಲಿ.

ನೆಲ ಕೆಟ್ಟದ್ದಾಗಿದ್ದರೆ? ಅದನ್ನೂ ನೋಡಿಬಿಡೋಣ. ಪೈಲಿಗೆ 6 ಲಕ್ಷ ಹೋಗಿ 4 ಲಕ್ಷ ಉಳಿಯುತ್ತಿತ್ತು. ಉಳಿದ ನಾಲ್ಕು ಅಪಾಯಗಳಿಗೆ ಆ 4 ಲಕ್ಷ ಸಾಲದೆ ಹೋಗುವ ಸಾಧ್ಯತೆ ಹತ್ತಿರಹತ್ತಿರ ಅರ್ಧಕ್ಕೆ ಅರ್ಧ. ಗೋಡೆ ಏಳುವ ಮುಂಚೆಯೇ ಇದು ಕಾಣುತ್ತದೆ. ಆಗಲೇ ಸಭೆ ಕರೆದು ಇನ್ನಷ್ಟು ಹಣ ಹೊಂದಿಸುವುದೋ, ಅಡುಗೆಮನೆಯನ್ನು ಎರಡನೆಯ ಹಂತಕ್ಕೆ ತಳ್ಳುವುದೋ ತೀರ್ಮಾನಿಸಬಹುದು. ಛಾವಣಿಯ ಹೊತ್ತಿಗೆ ಗೊತ್ತಾದರೆ ಕೈಬಿಡಲು ಏನೂ ಉಳಿದಿರುವುದಿಲ್ಲ.

ಮೀಸಲು ಸರಿಯಾಗಿ ನಡೆಯುತ್ತಿದೆಯೇ ಎಂದು ಹೇಗೆ ತಿಳಿಯುವುದು? ‘ಕೆಲಸ ಅರ್ಧ ಆಗಿದೆ, ಮೀಸಲೂ ಅರ್ಧ ಇದೆ, ಪರವಾಗಿಲ್ಲ’ ಎನ್ನುವ ಮಾತನ್ನು ನಂಬಬೇಡಿ. ಕೇಳಬೇಕಾದದ್ದು, ಇನ್ನು ಬರಬಹುದಾದ ಅಪಾಯಗಳಿಗೆ ಎಷ್ಟು ಬೇಕು, ಎಷ್ಟಿದೆ ಎಂಬುದನ್ನು. ನೆಲ ಮೊದಲ ತಿಂಗಳ ಅಪಾಯ, ಟ್ರಾನ್ಸ್‌ಫಾರ್ಮರ್ ಕೊನೆಯ ತಿಂಗಳದು. ಎಲ್ಲ ಮುಗಿಯಿತು ಎಂದುಕೊಂಡ ಮೇಲೆ 4 ಲಕ್ಷದ ಪತ್ರ ಬರುತ್ತದೆ. ಇನ್ನೊಂದು ಗುರುತು ಮೀಸಲಿನ ಪುಸ್ತಕದಲ್ಲೇ ಸಿಗುತ್ತದೆ. ಪ್ರತಿ ಹಣ ತೆಗೆದಾಗಲೂ ತಾರೀಖು, ಯಾವ ಅಪಾಯ, ಎಷ್ಟು, ಬಾಕಿ ಎಷ್ಟು ಎಂದು ಒಂದು ಸಾಲು ಇರಬೇಕು. ‘ಇತರೆ’ ಎಂಬ ಹೆಸರಿನ ಸಾಲುಗಳು ಕಾಣಿಸಿಕೊಳ್ಳತೊಡಗಿದರೆ ಯಾರೋ ಮರೆತ ಐಟಂಗಳನ್ನು ಅಲ್ಲಿ ತುಂಬಿಸುತ್ತಿದ್ದಾರೆ ಎಂದು ತಿಳಿಯಿರಿ. ಅಂಥ ಸಾಲನ್ನು ಅಳತೆ ಪುಸ್ತಕದ ಜತೆ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ನಮ್ಮ ಭವನದಲ್ಲಿ ಮಳೆ ಕಾಡಲಿಲ್ಲ, ಬೋರ್‌ವೆಲ್ಲಿಗೆ ನೀರು ಬಂತು. ಬೆಲೆಯೇರಿಕೆಗೆ 1.2 ಲಕ್ಷ, ಟ್ರಾನ್ಸ್‌ಫಾರ್ಮರಿಗೆ 4 ಲಕ್ಷ ಹೋಯಿತು ಎಂದಿಟ್ಟುಕೊಳ್ಳಿ. ಅಂದಾಜಿನ 100, ಅಪಾಯಗಳ 5.2, ಬಾವಿಯ 2.5 ಸೇರಿ ಒಟ್ಟು ಖರ್ಚು 107.7 ಲಕ್ಷ. ಕಾಂಟಿಂಜೆನ್ಸಿಯಲ್ಲಿ 1.8, ಮೊದಲೇ ಬಿಡುಗಡೆಯಾದ 3, ಮ್ಯಾನೇಜ್‌ಮೆಂಟ್ ಮೀಸಲಿನ 3, ಒಟ್ಟು 7.8 ಲಕ್ಷ ಕೈಯಲ್ಲಿದೆ. ಆಗಲೂ ಒಂದು ಮಳೆಗಾಲ ಕಾಯಿರಿ ಎನ್ನುತ್ತೇನೆ. ಶೀಟು ಗೋಡೆಯನ್ನು ಸೇರುವ ಕಡೆ ಸೋರುತ್ತದೆಯೇ, ಪ್ಲಿಂತಿನ ಸುತ್ತ ನೀರು ನಿಲ್ಲುತ್ತದೆಯೇ ಎಂಬುದು ಮಳೆ ಬಿದ್ದಾಗಲೇ ತಿಳಿಯುವುದು. ಗುತ್ತಿಗೆದಾರರ ಬಿಲ್ಲಿನಲ್ಲಿ ತಡೆಹಿಡಿದ ಹಣವನ್ನೂ ಆವರೆಗೆ ಬಿಡಬಾರದು. ಅದಾದಮೇಲೆ ಲೆಕ್ಕ ಮುಗಿಸಿ, ಉಳಿದದ್ದನ್ನು ಊರಸಭೆಯ ಮುಂದೆ ಇಡಿ. ಗ್ರಾನೈಟಿನ ಮಾತು ಆಗ ಬರಲಿ, ಭವನದ ನಿರ್ವಹಣೆಯ ಠೇವಣಿಯ ಮಾತೂ ಅದರ ಜತೆಗೇ ಬರಲಿ. ಎರಡರಲ್ಲಿ ಯಾವುದೆಂದು ಊರು ಚರ್ಚಿಸುವ ಹೊತ್ತಿಗೆ ಆ ಸಭೆ ನಡೆಯುವುದು ಭವನದ ಒಳಗೆ, ಛಾವಣಿಯ ಕೆಳಗೆ.